ಆರುನೂರರ ಸಾಣಿಗಿ

ಲಕಮನಹಳ್ಳಿಯ ಆ ಕಾಂಕ್ರೀಟ್ ಕಾರ್ಖಾನೆಗೆ ಉಸುಕಿನ ಟಿಪ್ಪರ್ ತರುವ ಚಾಲಕರು ಹಾರ್ನ್ ಹೊಡೆಯುವುದಿಲ್ಲ. ಗೇಟಿನಲ್ಲಿ ನಿಂತು "ಮಾಳಕ್ಕಾ" ಎಂದು ಒಂದು ಕೂಗು ಹಾಕುತ್ತಾರೆ, ಅಷ್ಟೇ. ಹಾರ್ನ್ ಹೊಡೆದವನ ಗಾಡಿಯನ್ನು ಮಾಳವ್ವ ಎಲ್ಲರಿಗಿಂತ ಕೊನೆಗೆ ನೋಡುತ್ತಾಳೆ ಎಂಬುದು ಅವರಿಗೆಲ್ಲ ಗೊತ್ತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾಳೆ, ಬಕೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು ಟಿಪ್ಪರ್ ಹತ್ತುತ್ತಾಳೆ. ಮೇಲಿನ ಉಸುಕನ್ನು ಆಚೆ ಸರಿಸಿ, ಮೊಣಕೈ ಮುಳುಗುವಷ್ಟು ಆಳದಿಂದ, ಎಂಟು ಕಡೆ ಎಂಟು ಹಿಡಿ ತೆಗೆಯುತ್ತಾಳೆ. ಕೆಳಗಿಳಿದು ತಗಡಿನ ಮೇಲೆ ಗುಂಪಿ ಹಾಕುತ್ತಾಳೆ. ಗುಂಪಿಯನ್ನು ರೊಟ್ಟಿಯಂತೆ ತಟ್ಟಿ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡುತ್ತಾಳೆ. ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದ ಎರಡನ್ನು ಮತ್ತೆ ಗುಂಪಿ ಹಾಕುತ್ತಾಳೆ. ಹೀಗೆ ಚೆಲ್ಲುತ್ತ ಚೆಲ್ಲುತ್ತ ಎರಡು ಕಿಲೋ ಉಳಿದಾಗ ಅದರಲ್ಲಿ ಅರ್ಧ ಜರಡಿ ಹಿಡಿಯಲು ಸಾಣಿಗಿಗೆ ಹೋಗುತ್ತದೆ, ಅರ್ಧ ಚೀಟಿ ಅಂಟಿಸಿದ ಡಬ್ಬಿಗೆ. ನಾಳೆ ಯಾರಾದರೂ ತಕರಾರು ತೆಗೆದರೆ ಡಬ್ಬಿ ಮಾತಾಡುತ್ತದೆ.

ಶಿರಗುಪ್ಪಿಯಿಂದ ಮದುವೆಯಾಗಿ ಬಂದ ವರ್ಷವೇ ಅವಳು ಇಲ್ಲಿ ಬುಟ್ಟಿ ಹೊರಲು ಸೇರಿದ್ದಳು. ಗಂಡ ಮೈಲಾರಿ ಇದೇ ಅಂಗಳದಲ್ಲಿ ಕಬ್ಬಿಣ ಕಟ್ಟುವವನು. ಏಳನೇ ಇಯತ್ತೆಯ ತನಕ ಓದಿದ್ದ ಅವಳ ಅಂಕಿಗಳು ದುಂಡಗಿದ್ದವು ಎಂದು ಹಿಂದಿನ ಇಂಜಿನಿಯರರೊಬ್ಬರು ಅವಳ ಕೈಗೆ ಸಾಣಿಗಿ ಕೊಟ್ಟರು. ಅಂದಿನಿಂದ ಇಪ್ಪತ್ತೊಂದು ವರ್ಷ. ಆರು ಸಾಣಿಗಿಗಳು ಒಂದರ ಮೇಲೊಂದು ಕೂತಿರುತ್ತವೆ, ತೂತು ದೊಡ್ಡದರಿಂದ ಸಣ್ಣದಕ್ಕೆ: ನಾಲ್ಕೂ ಮುಕ್ಕಾಲು ಮಿಲಿಮೀಟರು, ಎರಡು ಪಾಯಿಂಟ್ ಮೂವತ್ತಾರು, ಒಂದು ಪಾಯಿಂಟ್ ಹದಿನೆಂಟು, ಆಮೇಲೆ ಮೈಕ್ರಾನಿನಲ್ಲಿ ಆರುನೂರು, ಮುನ್ನೂರು, ನೂರಾ ಐವತ್ತು. ತಳದಲ್ಲಿ ಒಂದು ತಟ್ಟೆ. ಯಾವುದರ ಮೇಲೆ ಎಷ್ಟು ನಿಂತಿತು ಎಂದು ತೂಗಿ, ಶೇಕಡಾ ಮಾಡಿ, ಮೇಲಿನಿಂದ ಕೂಡಿಸುತ್ತ ಬಂದು, ಆ ಆರೂ ಕೂಡಿಕೆಗಳ ಮೊತ್ತವನ್ನು ನೂರರಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅದಕ್ಕೆ ಎಲ್ಲರೂ ಎಫ್‌ಎಂ ಎನ್ನುತ್ತಾರೆ. ಅಂಕಿ ದೊಡ್ಡದಾದಷ್ಟೂ ಉಸುಕು ದಪ್ಪ, ಸಣ್ಣದಾದಷ್ಟೂ ನಯ.

ಆ ಅಂಕಿಯ ಗುಟ್ಟನ್ನು ಅವಳು ಮನಸಾರೆ ಹೇಳಿಕೊಟ್ಟದ್ದು ಒಬ್ಬನಿಗೇ, ಮಾಲತೇಶನಿಗೆ.

ಅವನು ಮಿಕ್ಸರಿನ ಕೆಲಸಕ್ಕೆ ಬಂದವನು. ಆಗಲೇ ಹೆಂಡತಿ, ಒಂದು ಕೂಸು ಇದ್ದ ಗಂಡಸು. ಆದರೂ ಕೇಳುವುದಕ್ಕೆ ನಾಚುತ್ತಿರಲಿಲ್ಲ. ಎರಡು ಬಗೆಯ ಉಸುಕು ಕೂಡಿಸುವ ಲೆಕ್ಕ ಅವನ ತಲೆಗೆ ಹೋಗದಿದ್ದಾಗ ಮಾಳವ್ವ ತಗಡಿನ ಮೇಲಿನ ಉಸುಕಿನಲ್ಲೇ ಬೆರಳಿನಿಂದ ಒಂದು ಗೆರೆ ಎಳೆದು ಹೇಳಿದ್ದಳು.

"ಹುಬ್ಬಳ್ಳಿ-ಧಾರವಾಡದ ನಡುವ ನವನಗರದ ಕಡಿ ಒಂದು ಮದುವಿ ಅಂತ ತಿಳಕೊ. ಹೆಣ್ಣು ಹುಬ್ಬಳ್ಳಿಯಾಕಿ, ಗಂಡು ಧಾರವಾಡದಾಂವ. ಛತ್ರ ಯಾ ಊರಿಗೆ ಹತ್ರ ಐತಿ?"

"ಹುಬ್ಬಳ್ಳಿಗೆ."

"ಹಂಗಾರ ಹುಬ್ಬಳ್ಳಿ ಮಂದಿ ಹೆಚ್ಚ ಬರ್ತಾರ, ಧಾರವಾಡದವರು ಕಡಿಮಿ. ಉಸುಕೂ ಹಂಗs. ನಮಗ ಬೇಕಾದ ಅಂಕಿ ಛತ್ರ. ಯಾ ಉಸುಕು ಅದಕ್ಕ ಹತ್ರ ಐತಿ, ಅದು ಜಾಸ್ತಿ."

"ಎಷ್ಟು ಜಾಸ್ತಿ ಯಕ್ಕಾ?"

"ಈ ಕಡಿ ದೂರಾ ಆ ಕಡಿಯವರ ಪಾಲು, ಆ ಕಡಿ ದೂರಾ ಈ ಕಡಿಯವರ ಪಾಲು. ಮತ್ತ ತೂಕದಾಗ ಹೇಳಬೇಕು, ಟನ್ ಲೆಕ್ಕ. ಬ್ರಾಸಿನಾಗ, ಘನ ಅಡಿ ಲೆಕ್ಕಾ ಹಿಡದು ಅಳದಿ ಅಂದ್ರ ಹಸಿ ಉಸುಕು ಉಬ್ಬಿ ನಿನ್ನ ಹಾದಿ ತಪ್ಪಸತೈತಿ."

"ಅಲ್ಲಾ, ಊಟದ ಖರ್ಚು ಯಾರದು?"

"ಹೆಣ್ಣಿನವರದು. ಅದಕ್ಕ ಯಾವ ಲೆಕ್ಕಾನೂ ಬೇಕಾಗಿಲ್ಲ," ಎಂದು ಮಾಳವ್ವ ನಕ್ಕಿದ್ದಳು.

ನಾಲ್ಕು ವರ್ಷ ಅವನು ಅವಳ ಬುತ್ತಿಯ ರೊಟ್ಟಿ ತಿಂದ. ಅವನ ಕೂಸಿಗೆ ಕುಲಾಯಿ ಹೊಲಿದುಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಅವನು ಕೆಲಸ ಬಿಟ್ಟು, ನದಿ ದಂಡೆಯ ನಯ ಉಸುಕು ಮಾರುವ ಒಬ್ಬ ವ್ಯಾಪಾರಿಯ ಕೈಕೆಳಗೆ ಸೇರಿದ. ಆದರೂ ಗುರುವಾರಕ್ಕೊಮ್ಮೆ ಅವನು ಈ ಕಡೆ ಬರುತ್ತಿದ್ದ, ಕೈಯಲ್ಲಿ ಬಿಸಿ ಮಿರ್ಚಿ ಭಜಿಯ ಪುಡಿಕೆ ಹಿಡಿದು. ಅವಳೂ ಗುರುವಾರ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳುತ್ತಿದ್ದಳು.

ಈ ವರ್ಷ ಗಟಾರದ ಮೇಲೆ ಹಾಸುವ ಚಪ್ಪಡಿಗಳ ದೊಡ್ಡ ಕೆಲಸವೊಂದು ಕಾರ್ಖಾನೆಗೆ ಸಿಕ್ಕಿತು. ಒಟ್ಟು ಏಳುನೂರು ಟನ್ ಉಸುಕು ಬೇಕು, ಅದರ ಎಫ್‌ಎಂ ಎರಡು ಪಾಯಿಂಟ್ ಏಳು ಇರಬೇಕು ಎಂದು ಇಂಜಿನಿಯರ್ ಚಿನ್ಮಯೀ ಹೇಳಿದಳು. ಸಪ್ತಾಪುರದಿಂದ ಸ್ಕೂಟಿಯ ಮೇಲೆ ಬರುವ, ಮಾತು ಕಡಿಮೆಯ ಹುಡುಗಿ. ಕಲ್ಲು ಪುಡಿ ಮಾಡುವ ಕ್ರಷರಿನ ಉಸುಕು ಒಂದೇ ಹಾಕಿದರೆ ಬಹಳ ದಪ್ಪ, ಅದರ ಅಂಕಿ ಮೂರು ಪಾಯಿಂಟ್ ಮೂರು. ಹಾಗಾಗಿ ನಯ ಉಸುಕು ಕೂಡಿಸಲೇಬೇಕಿತ್ತು. ಅದು ಮಾಲತೇಶನ ವ್ಯಾಪಾರಿಯ ಹತ್ತಿರ ಇತ್ತು.

ಆರ್ಡರ್ ಹಾಕುವ ಮೊದಲು ಮಾಳವ್ವ ತಾನೇ ಹೋಗಿ ವ್ಯಾಪಾರಿಯ ರಾಶಿಯಿಂದ ಮಾದರಿ ತರುವುದು ವಾಡಿಕೆ. ಹೋಗಿ ಬರಲು ಒಂದು ಇಡೀ ದಿನ. ಆ ವಾರ ಅವಳ ಮೊಣಕಾಲುಗಳು ಊದಿದ್ದವು. ಮಾಲತೇಶ ಗುರುವಾರ ಬಂದವನು ಒಂದು ಚೀಲವನ್ನು ಮೇಜಿನ ಕಾಲಿಗೆ ಆನಿಸಿಟ್ಟ.

"ನೀ ಯಾಕ ಬರ್ತಿ ಅಷ್ಟ ದೂರ? ರಾಶಿಯ ಎಂಟ ಕಡಿಯಿಂದ ತಗದೇನಿ, ನಾಕ ಪಾಲ ಮಾಡೇನಿ. ನೀ ಕಲಿಸಿದ್ದ ಹಂಗs. ಬೇಕಾರ ಪರೀಕ್ಷಾ ತಗೊ."

"ಎದುರುಬದುರು ಚೆಲ್ಲಿದ್ಯೋ, ಅಕ್ಕಪಕ್ಕದ್ದು ಚೆಲ್ಲಿದ್ಯೋ?"

"ಯಕ್ಕಾ, ಅಷ್ಟೂ ಮರತಿದ್ರ ನಾ ನಿನ್ನ ಕೈಯಾಗ ಕಲತಾಂವ ಅಂತ ಯಾರ ಮುಂದ ಹೇಳಲಿ?"

ಆ ಮಾತು ಅವಳಿಗೆ ಹಿತವಾಯಿತು, ರೊಟ್ಟಿಯ ಗಂಟು ಬಿಚ್ಚಿದಳು.

ಮಧ್ಯಾಹ್ನ ಉಸುಕನ್ನು ಹಂಚಿನ ಮೇಲೆ ಒಣಗಿಸಿ, ಸರಿಯಾಗಿ ಒಂದು ಸಾವಿರ ಗ್ರಾಂ ತೂಗಿ, ಸಾಣಿಗಿ ಆಡಿಸಿದಳು. ನಾಲ್ಕೂ ಮುಕ್ಕಾಲಿನ ಮೇಲೆ ಏನೂ ಇಲ್ಲ. ಎರಡು ಮೂವತ್ತಾರರ ಮೇಲೆ ತೊಂಬತ್ತು ಗ್ರಾಂ. ಒಂದು ಹದಿನೆಂಟರ ಮೇಲೆ ನೂರು. ಆರುನೂರರ ಮೇಲೆ ಮೂವತ್ತೈದು. ಅಲ್ಲಿ ಅವಳ ಕೈ ನಿಂತಿತು. ಮುನ್ನೂರರ ಮೇಲೆ ಇನ್ನೂರ ಮೂವತ್ತೈದು, ನೂರಾ ಐವತ್ತರ ಮೇಲೆ ಮುನ್ನೂರ ಎಂಬತ್ತು, ತಟ್ಟೆಯಲ್ಲಿ ನೂರಾ ಅರವತ್ತು. ನದಿಯ ಉಸುಕಿನ ತೂಕ ಸಾಣಿಗಿಯಿಂದ ಸಾಣಿಗಿಗೆ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಗುಡ್ಡದ ಬೆನ್ನಿನಂತೆ. ಇದು ಏರಿ, ಆರುನೂರರಲ್ಲಿ ತಗ್ಗಿ, ಮತ್ತೆ ಏರಿತ್ತು. ಒಂದು ಗುಡ್ಡದ ಪಕ್ಕ ಇನ್ನೊಂದು ಸಣ್ಣ ಗುಡ್ಡ.

ಸಾಣಿಗಿಯ ತೂತು ಕಟ್ಟಿರಬಹುದೆಂದು ಬ್ರಶ್ಶಿನಿಂದ ತಿಕ್ಕಿ ಇನ್ನೊಮ್ಮೆ ಆಡಿಸಿದಳು. ಅದೇ ಮೂವತ್ತೈದು. ಬೇರೆ ಯಾರಾದರೂ ತಂದ ಚೀಲವಾಗಿದ್ದರೆ ಅವಳು ಅದನ್ನು ಬಾಗಿಲಾಚೆ ಸುರಿಯುತ್ತಿದ್ದಳು. ಮಾಲತೇಶನ ಚೀಲಕ್ಕೆ ಒಂದು ನೆವ ಹುಡುಕಿದಳು. ಹಳ್ಳ ನದಿಗೆ ಕೂಡುವ ಕಡೆ ಹೀಗೂ ಇರುತ್ತದೆ ಎಂದುಕೊಂಡಳು. ಎಫ್‌ಎಂ ಒಂದು ಪಾಯಿಂಟ್ ಎಂಟು ಬಂತು. ದಪ್ಪದ ಮೂರು ಪಾಯಿಂಟ್ ಮೂರರಿಂದ ಎರಡು ಪಾಯಿಂಟ್ ಏಳಕ್ಕೆ ಆರು ಹೆಜ್ಜೆ, ನಯದ ಒಂದು ಪಾಯಿಂಟ್ ಎಂಟರಿಂದ ಒಂಬತ್ತು ಹೆಜ್ಜೆ. ಹಾಗಾಗಿ ದಪ್ಪದ್ದು ಒಂಬತ್ತು ಪಾಲು, ನಯದ್ದು ಆರು ಪಾಲು. ನೂರಕ್ಕೆ ಅರವತ್ತು, ನಲವತ್ತು.

ಪುಸ್ತಕದಲ್ಲಿ ಕೊನೆಯ ಕಾಲಂ ಒಂದಿದೆ: ಮಾದರಿ ತೆಗೆದವರು. ಇಪ್ಪತ್ತೊಂದು ವರ್ಷದ ರೂಢಿಯಲ್ಲಿ ಕೈ ತಾನಾಗಿಯೇ "ಮಾಳವ್ವ" ಎಂದು ಬರೆಯಿತು, ಉಳಿದರ್ಧ ತುಂಬಿದ ಡಬ್ಬಿಯ ಚೀಟಿಯ ಮೇಲೂ. ಬರೆದ ಮೇಲೆ ಅವಳಿಗೆ ಗೊತ್ತಾಯಿತು, ಆದರೆ ಹೊಡೆದುಹಾಕಲಿಲ್ಲ. ಅವನು ತೆಗೆದದ್ದೂ ಒಂದೇ, ನಾನು ತೆಗೆದದ್ದೂ ಒಂದೇ, ಎಂದುಕೊಂಡಳು.

ಅದೇ ಸಂಜೆ ಚಿನ್ಮಯೀ ಆರ್ಡರ್ ಕಳಿಸಿದಳು. ಕ್ರಷರಿನ ಉಸುಕು ನಾನೂರ ಇಪ್ಪತ್ತು ಟನ್, ನಯ ಉಸುಕು ಇನ್ನೂರ ಎಂಬತ್ತು ಟನ್. ಇಪ್ಪತ್ತು ಟನ್ನಿನ ಟಿಪ್ಪರಿನಲ್ಲಿ ಹದಿನಾಲ್ಕು ಗಾಡಿ.

ಮೊದಲ ಗಾಡಿ ಸೋಮವಾರ ಬಂತು. ಅದನ್ನು ತಂದವನು ಗುಲಾಬಸಾಬ, ಹದಿನೈದು ವರ್ಷದಿಂದ ಈ ಗೇಟಿಗೆ ಉಸುಕು ತರುವ ಮುದುಕ. ಮಾಳವ್ವ ಮೇಲೆ ಹತ್ತಿ ಕೈ ಇಳಿಸಿದಳು. ಉಸುಕು ಬೆರಳ ಸಂದಿಯಲ್ಲಿ ಹಿಟ್ಟಿನಂತೆ ಜಾರಿತು. ಇನ್ನೊಂದು ಕಡೆ ಕೈ ಹಾಕಿದಳು. ಅಲ್ಲೂ ಅದೇ. ಒಂದು ದಪ್ಪ ಕಾಳೂ ಅಂಗೈಗೆ ಚುಚ್ಚಲಿಲ್ಲ.

"ಗುಲಾಬಣ್ಣಾ, ಇದು ಯಾ ರಾಶಿದು?"

"ಅಲ್ಲಿ ಇರೋದs ಒಂದು ರಾಶಿ ಮಾಳಕ್ಕಾ."

"ಅದರಾಗ ದಪ್ಪ ಕಾಳು ಇತ್ತಲ್ಲ?"

"ದಪ್ಪ ಕಾಳು? ಆ ಉಸುಕಿನಾಗ ನನ್ನ ಹೆಂಡತಿ ಪಾತ್ರಿ ತಿಕ್ಕಿದ್ರ ಗೀರು ಬೀಳಂಗಿಲ್ಲ." ಗುಲಾಬಸಾಬ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಮಾಲತೇಶ ಎಲ್ಲೋ ಬ್ಯಾರೆ ಕಡಿಯಿಂದ ಒಂದು ಬುಟ್ಟಿ ದಪ್ಪ ಉಸುಕು ತರಿಸಿದ್ದ. ಶೆಡ್ಡಿನ ಹಿಂದ ಎರಡ ದಿನ ಸಾಣಿಗಿ ಹಿಡಕೊಂಡು ಕುಂತಿದ್ದ, ತಕ್ಕಡಿ ಇಟಕೊಂಡು. ಏನ ಮಾಡಾಕತ್ತಿ ಅಂದ್ರ, ಅಡಗಿ ಮಾಡಾಕತ್ತೇನಿ ಅಂದ."

ಮಾಳವ್ವ ಟಿಪ್ಪರಿನಿಂದ ಇಳಿಯುವಾಗ ಮೊಣಕಾಲಿನ ನೋವು ಅವಳ ಗಮನಕ್ಕೆ ಬರಲಿಲ್ಲ.

ಸಾಣಿಗಿ ಆಡಿಸಿದಳು. ಎರಡು ಮೂವತ್ತಾರರ ಮೇಲೆ ಏನೂ ಇಲ್ಲ. ಒಂದು ಹದಿನೆಂಟರ ಮೇಲೆ ಹತ್ತು ಗ್ರಾಂ, ಆರುನೂರರ ಮೇಲೆ ನಲವತ್ತು, ಮುನ್ನೂರರ ಮೇಲೆ ಇನ್ನೂರ ತೊಂಬತ್ತು, ನೂರಾ ಐವತ್ತರ ಮೇಲೆ ನಾನೂರ ಅರವತ್ತು, ತಟ್ಟೆಯಲ್ಲಿ ಇನ್ನೂರು. ಒಂದೇ ಗುಡ್ಡ. ಎಫ್‌ಎಂ ಒಂದು ಪಾಯಿಂಟ್ ಎರಡು.

ಅವಳು ತಗಡಿನ ಮೇಲೆ ಗೆರೆ ಎಳೆದಳು. ನಯದ ಊರು ಈಗ ಛತ್ರದಿಂದ ಇನ್ನೂ ದೂರ ಹೋಗಿತ್ತು, ಒಂಬತ್ತಲ್ಲ, ಹದಿನೈದು ಹೆಜ್ಜೆ. ದಪ್ಪದ್ದು ಹದಿನೈದು ಪಾಲು, ನಯದ್ದು ಆರು; ಅಂದರೆ ಐದಕ್ಕೆ ಎರಡು. ಏಳುನೂರು ಟನ್ನಿಗೆ ಐನೂರು ಮತ್ತು ಇನ್ನೂರು. ಹದಿನಾಲ್ಕು ಗಾಡಿಯ ಬದಲು ಹತ್ತು ಗಾಡಿ ಸಾಕು. ಉಸುಕು ನಯವಾದಷ್ಟೂ ಅದು ಕಡಿಮೆ ಬೇಕು. ನಯ ಉಸುಕು ಮಾರುವವನಿಗೆ ಅದನ್ನು ತುಸು ದಪ್ಪ ಮಾಡಿ ತೋರಿಸಿದರೆ ನಾಲ್ಕು ಗಾಡಿ ಹೆಚ್ಚು ಹೋಗುತ್ತದೆ. ಈ ಲೆಕ್ಕ ಗೊತ್ತಿರುವವರು ಬಹಳ ಮಂದಿ ಇಲ್ಲ. ಅವಳೇ ಮಾಲತೇಶನಿಗೆ ಕಲಿಸಿದ್ದಳು, ಇದೇ ತಗಡಿನ ಮೇಲೆ, ಇದೇ ಬೆರಳಿನಿಂದ.

ಅರವತ್ತು ನಲವತ್ತರಲ್ಲೇ ಕಲಸಿದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಮಾಡಿದಳು. ಎರಡು ಪಾಯಿಂಟ್ ನಾಲ್ಕು ಆರು. ಬಹಳ ನಯ. ಕಲಸು ನೀರು ಕುಡಿಯುತ್ತದೆ, ಒಣಗುವಾಗ ಚಪ್ಪಡಿಯ ಮೈಮೇಲೆ ಕೂದಲೆಳೆಯ ಬಿರುಕುಗಳು ಬೀಳುತ್ತವೆ, ಬಲ ಇಳಿಯುತ್ತದೆ. ಗಟಾರದ ಮೇಲಿನ ಚಪ್ಪಡಿ. ಅದರ ಮೇಲೆ ಜನ ನಡೆಯುತ್ತಾರೆ.

ಫೋನ್ ಮಾಡಿದಳು. ಮಾಲತೇಶ ತಾನೇ ಬಂದ, ಗುರುವಾರ ಅಲ್ಲದಿದ್ದರೂ. ಕೈಯಲ್ಲಿ ಭಜಿಯ ಪುಡಿಕೆ ಇತ್ತು. ಅದನ್ನು ಅವಳು ಮುಟ್ಟಲಿಲ್ಲ.

"ಯಾಕಪಾ ಹಿಂಗ ಮಾಡಿದಿ?"

ಅವನು ಸುಳ್ಳು ಹೇಳುತ್ತಾನೆಂದು ಅವಳು ಕಾದಿದ್ದಳು. ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತು.

"ಯಕ್ಕಾ, ನಾ ಈಗ ಅವರ ಅನ್ನ ತಿನ್ನಾಂವ. ನಾಕ ಗಾಡಿ ಹೆಚ್ಚ ಹೋದ್ರ ಅವರ ಕಣ್ಣಾಗ ನಾ ಒಬ್ಬ ಮನಿಷಾ ಆಗ್ತೇನಿ. ಚಪ್ಪಡಿ ನಾಳೆನs ಮುರದ ಬೀಳೂದಿಲ್ಲ."

"ನಾ ಈ ಗಾಡಿ ನೋಡೇ ನೋಡ್ತೇನಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ?"

ಮಾಲತೇಶ ಮೇಜಿನ ಮೇಲಿನ ಪುಸ್ತಕದ ಕಡೆ ನೋಡಿದ. ಮುಟ್ಟಲಿಲ್ಲ, ನೋಡಿದ ಅಷ್ಟೇ. "ಕೊನಿ ಕಾಲಮ್ಮಿನಾಗ ನಿನ್ನ ಹೆಸರೇ ಬರೀತಿ ಅಂತನೂ ಗೊತ್ತಿತ್ತು. ನಾಕ ವರ್ಷ ನಿನ್ನ ಕೈ ನೋಡೇನಿ."

ಮಾಳವ್ವ ಪುಸ್ತಕ ಮುಚ್ಚಿದಳು. ಅವನು ಮುಂದುವರಿಸಿದ.

"ಆರುನೂರರ ಮ್ಯಾಲ ಕಡಿಮಿ ಬಂದಿದ್ದು ನಿನಗ ಕಂಡಿರಬೇಕಲ್ಲ. ಎಷ್ಟು ತಿಣಿಕಿದ್ರೂ ಆ ಒಂದು ಕಡಿ ಮಾತ್ರ ನನಗ ಕೂಡಿಸಾಕ ಆಗಲಿಲ್ಲ. ಅಂಕಿ ಕೂಡತಿತ್ತು, ಆಕಾರ ಕೂಡಲಿಲ್ಲ. ನೀ ಹಿಡೀತಿ ಅಂತ ಅಂಜಿದ್ದೆ. ನೀ ಸುಮ್ನಾದಿ."

"ನೀ ತಂದೀ ಅಂತ ಸುಮ್ನಾದೆ."

ಅವನು ತಲೆ ತಗ್ಗಿಸಿದ. ಒಂದು ಗಳಿಗೆ ಹಳೆಯ ಮಾಲತೇಶ ಅಲ್ಲಿ ಕೂತಂತೆ ಅವಳಿಗೆ ಕಂಡಿತು. ತಲೆ ಎತ್ತಿದಾಗ ಅವನ ಧ್ವನಿ ಬೇರೆಯಾಗಿತ್ತು. "ನೋಡ್ರಿ, ಹೇಳೂದು ಬಿಡೂದು ನಿಮಗ ಬಿಟ್ಟಿದ್ದು. ಹೇಳಿದ್ರ ಮಾದರಿ ನೀವು ತಗದಿಲ್ಲ, ತಗದೇನಿ ಅಂತ ಬರದೀರಿ ಅಂತನೂ ಹೇಳಬೇಕಾಗತೈತಿ. ಈ ಟೇಬಲ್ಲು ನಿಮ್ಮ ಕೈಯಾಗ ಉಳೀತೈತೋ ಇಲ್ಲೋ ನೋಡ್ಕೋರಿ."

ಆರು ವರ್ಷದಲ್ಲಿ ಅವನು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವಳ ತಪ್ಪಿನ ಮಾತಿಗಿಂತ ಆ "ನೋಡ್ರಿ" ಅವಳನ್ನು ಹೆಚ್ಚು ಕೊರೆಯಿತು. ಎರಡು ದಿನ ಶೆಡ್ಡಿನ ಹಿಂದೆ ಕೂತು ಅವನು ಉಸುಕನ್ನಷ್ಟೇ ತೂಗಿರಲಿಲ್ಲ. ಅವಳ ಪ್ರೀತಿ ಎಷ್ಟು, ಅವಳ ಅಂಜಿಕೆ ಎಷ್ಟು ಎಂಬುದನ್ನೂ ತೂಗಿ, ಯಾವುದು ಎಷ್ಟು ಪಾಲು ಕೂಡಿಸಿದರೆ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದ್ದ.

"ಭಜಿ ತಗೊಂಡು ಹೋಗಪಾ," ಎಂದಳು ಮಾಳವ್ವ. "ಕೂಸಿಗೆ ಕೊಡು."

ಅವನು ಹೋದ ಮೇಲೆ ಒಮ್ಮೆ ಸುತ್ತ ಕಣ್ಣಾಡಿಸಿದಳು. ಮೇಜು, ತಕ್ಕಡಿ, ಹಿತ್ತಾಳೆಯ ಅಂಚು ಸವೆದ ಆರು ಸಾಣಿಗಿಗಳು. ಬುಟ್ಟಿ ಹೊರುವವಳಿಗೆ ಈ ಅಂಗಳದಲ್ಲಿ ಹೆಸರಿರಲಿಲ್ಲ, "ಏ, ಬಾ ಇಲ್ಲೆ" ಎಂಬುದೇ ಹೆಸರಾಗಿತ್ತು. ಈ ಮೇಜಿಗೆ ಬಂದ ಮೇಲೆ ಅವಳು ಮಾಳವ್ವ ಆದಳು. ಪುಸ್ತಕವನ್ನು ಎದೆಗೆ ಅವಚಿಕೊಂಡು ಆಫೀಸಿಗೆ ನಡೆದಳು.

ಮಾಲಕರಾದ ಮಹಾಂತಯ್ಯನವರೂ ಚಿನ್ಮಯೀಯೂ ಅಲ್ಲಿದ್ದರು. ಮಾಳವ್ವ ಪುಸ್ತಕ ತೆರೆದಿಟ್ಟು, ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಇದು ಸುಳ್ಳು ಐತ್ರಿ. ಈ ಮಾದರಿ ನಾ ತಗದಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಊದಿದ ಮೊಣಕಾಲು, ಚೀಲ, ಆರುನೂರರ ಮೇಲಿನ ಮೂವತ್ತೈದು ಗ್ರಾಂ, ತಾನು ಹುಡುಕಿದ ನೆವ. ಮಾಲತೇಶನ ಹೆಸರನ್ನೂ ಹೇಳಿದಳು.

ಮಹಾಂತಯ್ಯ ಕನ್ನಡಕ ತೆಗೆದು ಒರೆಸಿದರು. "ನಿನ್ನ ಸಹಿ ಇದ್ರ ನಾ ಓದದs ಕಳಸ್ತಿದ್ದೆ ಮಾಳವ್ವ. ಇಪ್ಪತ್ತ ವರ್ಷ ಓದಿಲ್ಲ," ಎಂದರು. ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮಾಲತೇಶನ ಕೈಯಲ್ಲಿ ತನಗಾದದ್ದೇ ಈಗ ತನ್ನ ಕೈಯಲ್ಲಿ ಇವರಿಗೆ ಆಗಿತ್ತು.

ಚಿನ್ಮಯೀ ಎರಡೂ ಪುಟಗಳ ಅಂಕಿಗಳನ್ನು ಓದಿದಳು, ಹಾಳೆಯ ಮೇಲೆ ಎರಡು ಗೆರೆ ಎಳೆದಳು. ಒಂದರ ನಡುವೆ ತಗ್ಗು, ಇನ್ನೊಂದಕ್ಕೆ ಇಲ್ಲ. "ಉಳಿದ ಅರ್ಧ ಮಾದರಿ ಡಬ್ಬ್ಯಾಗ ಅದನ?"

"ಐತ್ರಿ ಮೇಡಮ್ಮಾರ."

"ಅದಕ್ಕ ಸೀಲ್ ಹಾಕೋಣು. ಆ ವ್ಯಾಪಾರಿಗೆ ನಾ ಬರೀತೀನಿ. ಆರ್ಡರ್ ಐನೂರು, ಇನ್ನೂರು. ಹತ್ತು ಗಾಡಿ ಮ್ಯಾಲ ಒಂದೂ ಬ್ಯಾಡ." ಅವಳು ಪೆನ್ನು ಕೆಳಗಿಟ್ಟಳು. "ಸಾಣಿಗಿ ನೀವೇ ಆಡಸ್ರಿ. ಆದ್ರ ಇನ್ನ ಮ್ಯಾಲೆ ಮಾದರಿ ತೆಗಿಯೋವಾಗ ನಾನೂ ಇರ್ತೀನಿ. ಎರಡು ಸಹಿ. ನಿಮ್ಮ ಒಂದs ಸಹಿ ನಡಿಯೂದಿಲ್ಲ."

"ಆತ್ರಿ," ಎಂದಳು ಮಾಳವ್ವ. ನ್ಯಾಯ ಅದೇ ಇತ್ತು. ನ್ಯಾಯ ಇದ್ದುದರಿಂದ ಅಳುವುದಕ್ಕೂ ಜಾಗ ಇರಲಿಲ್ಲ.

ಮೇಜಿಗೆ ಬಂದು ಡಬ್ಬಿ ಇಳಿಸಿದಳು. ಚೀಟಿಯ ಮೇಲೆ ತನ್ನ ಹೆಸರನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ದುಂಡಗೆ ಬರೆದಳು: ಮಾದರಿ ತಂದವರು, ಮಾಲತೇಶ. ಹಾಗೆಯೇ ಪುಸ್ತಕದಲ್ಲೂ ಬರೆದಳು. ಆರುನೂರರ ಸಾಲಿನ ಎದುರು, ಅಂದೇ ಬರೆಯಬೇಕಿದ್ದ ಮಾತನ್ನು ಇಂದಿನ ತಾರೀಖು ಹಾಕಿ ಬರೆದಳು: "ಇಲ್ಲಿ ಕಡಿಮೆ ಇದೆ. ಕಂಡಿತ್ತು."

ಮರುದಿನ ಎರಡನೇ ಗಾಡಿ ಬಂತು. ಗುಲಾಬಸಾಬ ಗೇಟಿನಲ್ಲಿ ನಿಂತು "ಮಾಳಕ್ಕಾ" ಎಂದ. ಅವಳು ಮೇಲೆ ಹತ್ತಿದಳು. ಕೆಳಗೆ ಚಿನ್ಮಯೀ ಪುಸ್ತಕ ಹಿಡಿದು ನಿಂತಿದ್ದಳು. ಎಂಟು ಕಡೆ ಎಂಟು ಹಿಡಿ ತೆಗೆದ ಮೇಲೆ ಮಾಳವ್ವ ಒಂದು ಗಳಿಗೆ ತಡೆದು, ಮೂಲೆಯಲ್ಲಿ ಒಂಬತ್ತನೆಯದನ್ನೂ ತೆಗೆದಳು.

"ಏನ ಮಾಳಕ್ಕಾ, ನನ್ನ ಮ್ಯಾಲೂ ಸಂಶೇನ?" ಎಂದ ಗುಲಾಬಸಾಬ, ನಗುತ್ತ.

ಅವಳು ಒಂಬತ್ತನೆಯ ಹಿಡಿಯನ್ನೂ ಬಕೆಟ್ಟಿಗೆ ಹಾಕಿದಳು. ಬಕೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡು, ಊದಿದ ಮೊಣಕಾಲನ್ನು ಒಂದೊಂದಾಗಿ ಮಡಚುತ್ತ ಕೆಳಗಿಳಿದಳು.